ಸರ್ಕಾರಿ ಆಫೀಸಿನ್ಯಾಗ ನಿಂತ ಬಿಲ್ಲಿಗೆ ಮೂರನೇ ರಿಮೈಂಡರ್ ಹೆಂಗ ಬರೀಬೇಕು

ಪ್ರಶ್ನೆ: ಸರ್, ನನ್ನದು ಪುಣೆ ಕಡೆಯ ಭೋಸರಿಯೊಳಗ ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್, ಮೂಲ ಇಂಡಿ ಕಡೆಯವರು. 2025ರ ಜನವರಿಯಲ್ಲಿ ಒಂದು ಸರ್ಕಾರಿ ಇಲಾಖೆಯಿಂದ ಹಾಸ್ಟೆಲಿಗೆ 60 ಕಬ್ಬಿಣದ ಮಂಚದ ವರ್ಕ್ ಆರ್ಡರ್ ಸಿಕ್ತು. ಮಾರ್ಚ್ ಮೊದಲ ವಾರಕ್ಕ ಎಲ್ಲಾ ಕೊಟ್ಟು ಮುಗಿಸೀನಿ. ಬಿಲ್ 4,60,200 ರೂಪಾಯಿ, ಆಗಸ್ಟ್ ಬಂದ್ರೂ ದುಡ್ಡಿಲ್ಲ. ಎರಡು ರಿಮೈಂಡರ್ ಕೊಟ್ಟೆ. ಫೋನ್ ಮಾಡಿದ್ರ ಗ್ರಾಂಟ್ ಇಲ್ಲ ಅಂತಾರ, ಈಗ ಹೊಸ ತಾರೀಖಿನ ಬಿಲ್ ಕೊಡ್ರಿ ಅಂತಿದಾರ. ಆರ್ಡರ್, ಚಲನ್, ರಿಮೈಂಡರ್ ಎಲ್ಲಾದರ ಫೋಟೊ ಕಳಿಸೀನಿ. ಮೂರನೇ ಪತ್ರ ಹೆಂಗ ಬರೀಲಿ?

ಉತ್ತರ: ಮೊದಲು ಹೊಸ ಬಿಲ್ಲಿನ ಮಾತು ಮುಗಿಸ್ತೀನಿ, ಯಾಕಂದ್ರ ಅದನ್ನ ನಾಳೇನೇ ಮಾಡಿ ಕೊಟ್ಟುಬಿಡ್ತೀರಿ ಅನ್ನೋ ಭಯ ನನಗ. ಕೊಡಬ್ಯಾಡ್ರಿ. ನಿಮ್ಮ ಬಿಲ್ ಅಂದ್ರ ಜಿಎಸ್‌ಟಿ ಇನ್ವಾಯ್ಸ್, ಅದು ಮಾರ್ಚ್ ತಿಂಗಳ ರಿಟರ್ನಿನ್ಯಾಗ ಹೋಗ್ಯಾದ, 70,200 ಟ್ಯಾಕ್ಸ್ ಲೆಕ್ಕ ಏಪ್ರಿಲ್‌ನ್ಯಾಗೇ ಮುಗಿಸೀರಿ. ಈಗ ಅದೇ ಮಾಲಿಗೆ ಆಗಸ್ಟ್ ತಾರೀಖಿನ ಇನ್ನೊಂದು ಇನ್ವಾಯ್ಸ್ ಹರಿದ್ರ ಕಾಗದದ ಮ್ಯಾಲ ನೀವು ಎರಡು ಸಲ ಮಾರಿದಂಗ, ಎರಡು ಸಲ ಟ್ಯಾಕ್ಸ್. ಅಷ್ಟೇ ಅಲ್ಲ, ನಿಮ್ಮ ಬಾಕಿ ಮಾರ್ಚಿನಿಂದ ನಿಂತದ್ದು ಅನ್ನೋದನ್ನ ನೀವೇ ಕೈಯಾರೆ ಅಳಿಸಿದಂಗ ಆಗ್ತದ. ಕ್ಲರ್ಕ್ ಕೇಳೋದರಾಗ ಕೆಟ್ಟ ಉದ್ದೇಶ ಇರೋದಿಲ್ಲ ಬಿಡ್ರಿ, ಹಳೇ ವರ್ಷದ ಅನುದಾನ ಮಾರ್ಚ್ 31ಕ್ಕ ಮುಗೀತು, ಹೊಸ ವರ್ಷದ ಅನುದಾನದಾಗ ಮತ್ತ ಬಿಲ್ ಏರಿಸಬೇಕಂದ್ರ ಹೊಸ ತಾರೀಖಿನ ಕಾಗದ ಇದ್ರ ಅವರಿಗೆ ಸಲೀಸು. ಆದ್ರ ಹೊಸ ತಾರೀಖು ಬೇಕಿರೋದು ಅವರ ಟ್ರೆಜರಿ ಬಿಲ್ಲಿಗೆ, ನಿಮ್ಮ ಇನ್ವಾಯ್ಸಿಗಲ್ಲ. ಹಳೇ ಇನ್ವಾಯ್ಸಿನ ಝೆರಾಕ್ಸ್ ಮ್ಯಾಲ ‘ನಕಲು ಪ್ರತಿ’ ಅಂತ ಬರದು ಸಹಿ ಸಿಕ್ಕಾ ಹಾಕಿ, ಅದರ ಮ್ಯಾಲೊಂದು ಇವತ್ತಿನ ತಾರೀಖಿನ ಪತ್ರ ಇಟ್ಟು ಕೊಟ್ರ ಅವರ ಕೆಲಸ ಆಗ್ತದ. ಆ ಪತ್ರಾನೇ ನಿಮ್ಮ ಮೂರನೇ ರಿಮೈಂಡರ್ ಆಗಲಿ.

ಈಗ ನಿಮ್ಮ ಹಳೇ ಎರಡು ರಿಮೈಂಡರ್. ಬ್ಯಾಸರ ಮಾಡ್ಕೋಬ್ಯಾಡ್ರಿ, ಎರಡೂ ಕೆಲಸಕ್ಕ ಬಾರದವು. ‘ಮಹೋದಯ, ನಮ್ಮ ಬಿಲ್ ಬಹಳ ದಿನದಿಂದ ಪ್ರಲಂಬಿತ ಅದ, ನಾವು ಸಣ್ಣ ಉದ್ಯಮದವರು, ಬ್ಯಾಂಕ್ ಕಂತು ಕಟ್ಟಬೇಕು, ಕೃಪೆ ಮಾಡಿ ಲಗೂನ ಕೊಡಿಸಬೇಕು’, ಇಷ್ಟೇ ಅದ. ವರ್ಕ್ ಆರ್ಡರ್ ನಂಬರೂ ಇಲ್ಲ. ಆ ಪತ್ರ ಯಾರು ಓದ್ತಾರ ಅಂತ ವಿಚಾರ ಮಾಡ್ರಿ. ಸಾಹೇಬರು ಓದೋದಿಲ್ಲ, ಮ್ಯಾಲ ಒಂದು ಮಾರ್ಕು ಹಾಕಿ ಲೆಕ್ಕ ಶಾಖೆಗೆ ಕಳಿಸ್ತಾರ. ಅಲ್ಲಿ ಕ್ಲರ್ಕಿನ ಟೇಬಲ್ ಮ್ಯಾಲ ಇಂಥಾ ಇಪ್ಪತ್ತು ಪತ್ರ ಇರ್ತಾವ. ನಿಮ್ಮ ಫೈಲ್ ಯಾವುದು ಅಂತ ಹುಡುಕಲಿಕ್ಕೆ ಅವರ ಕಡೆ ಸುಳಿವು ಇಲ್ಲ ಅಂದ್ರ ಪತ್ರ ಹೋಗಿ ‘ಇತರೆ’ ಅನ್ನೋ ಫೈಲಿಗೆ ಬೀಳ್ತದ, ಅಲ್ಲಿಗೆ ಕಥಿ ಮುಗೀತು. ನಿಮ್ಮ ಬ್ಯಾಂಕ್ ಕಂತಿನಿಂದ ಫೈಲ್ ಹುಡುಕಲಿಕ್ಕೆ ಬರೋದಿಲ್ಲಲ್ಲ.

ಫೈಲ್ ಸಿಗೋದು ಮೂರು ನಂಬರಿನಿಂದ. ಒಂದು ವರ್ಕ್ ಆರ್ಡರಿನ ಜಾವಕ್ ಕ್ರಮಾಂಕ, ಅಂದ್ರ ಆರ್ಡರ್ ಅವರ ಆಫೀಸಿನಿಂದ ಹೊರಗ ಬಂದಾಗ ಬಿದ್ದ ನಂಬರ್, ಆರ್ಡರಿನ ಮ್ಯಾಲಿನ ಮೂಲ್ಯಾಗ ‘ಜಾ.ಕ್ರ.’ ಅಂತ ಇರ್ತದ ನೋಡ್ರಿ. ಇನ್ನೊಂದು ನಿಮ್ಮ ಬಿಲ್ ಅವರ ಆಫೀಸಿನೊಳಗ ಹೋದಾಗ ಬಿದ್ದ ಆವಕ್ ಕ್ರಮಾಂಕ. ಮೂರನೇದು ಮಂಚಗಳನ್ನ ಹಾಸ್ಟೆಲಿನ ಸಾಠಾ ನೋಂದವಹಿಯೊಳಗ, ನಮ್ಮ ಭಾಷೆಯಾಗ ಸ್ಟಾಕ್ ಬುಕ್, ಏರಿಸಿದ ಪಾನು ನಂಬರ್. ನಿಮ್ಮ ಬಿಲ್ಲಿನ ಕಾಪಿ ಮ್ಯಾಲ ಆವಕ್ ಸಿಕ್ಕಾ ಕಾಣ್ತದ, ಮಾರ್ಚ್ 10ರದು, ಅದು ಒಳ್ಳೇದಾತು. ಸ್ಟಾಕ್ ಬುಕ್ಕಿನ ಪಾನು ನಂಬರ್ ಎಲ್ಲೂ ಇಲ್ಲ. ಒಂದು ಸಲ ಹಾಸ್ಟೆಲಿಗೆ ಹೋಗಿ ವಾರ್ಡನ್ ಹತ್ರ ಕೇಳಿ ಬರ್ರಿ, ಚಾ ಕುಡ್ಕೊಂಡು ಬರೋ ಕೆಲಸ. ಮಾಲು ಸ್ಟಾಕಿಗೆ ಏರಿಲ್ಲ ಅಂದ್ರ ಯಾವ ಆಫೀಸರನೂ ಬಿಲ್ ಪಾಸ್ ಮಾಡೋದಿಲ್ಲ, ಮತ್ತ ಏರಿಲ್ಲ ಅಂತ ನಿಮಗ ಯಾರೂ ಫೋನ್ ಮಾಡಿ ಹೇಳೋದೂ ಇಲ್ಲ.

ಇನ್ನ ನಿಮ್ಮ ಕಾಗದ ನೋಡಿದಾಗ ನನಗ ಹೊಳೆದದ್ದು. ಗ್ರಾಂಟ್ ಇಲ್ಲ ಅನ್ನೋದು ಈಗಿನ ಕಾರಣ ಇರಬಹುದು, ಆದ್ರ ಮಾರ್ಚ್ 10ರಿಂದ 31ರ ತನಕ ಗ್ರಾಂಟ್ ಇತ್ತಲ್ಲ, ಆವಾಗ ಯಾಕ ನಿಂತಿತು? ಆರ್ಡರ್ ತಾರೀಖು ಜನವರಿ 20, ಮುದತ್ 30 ದಿನ, ಅಂದ್ರ ಫೆಬ್ರವರಿ 19ರೊಳಗ ಎಲ್ಲಾ ಮಂಚ ಹೋಗಬೇಕಿತ್ತು. ಮೊದಲಿನ 40 ಮಂಚ ಫೆಬ್ರವರಿ 12ಕ್ಕ ಹೋಗ್ಯಾವ, ಸರಿ. ಉಳಿದ 20 ಹೋದದ್ದು ಮಾರ್ಚ್ 6ಕ್ಕ, 15 ದಿನ ತಡ. ಆರ್ಡರಿನ 9ನೇ ಷರತ್ತು ಓದಿದೀರೋ ಇಲ್ಲೋ, ತಡವಾದ ಮಾಲಿನ ಬೆಲೆ ಮ್ಯಾಲ ವಾರಕ್ಕ ಅರ್ಧ ಪರ್ಸೆಂಟ್ ದಂಡ, ಅರ್ಧಂಬರ್ಧ ವಾರಾನೂ ಪೂರ್ತಿ ವಾರ ಅಂತ ಲೆಕ್ಕ. 15 ದಿನ ಅಂದ್ರ ಮೂರು ವಾರ, ಒಂದೂವರೆ ಪರ್ಸೆಂಟ್. 20 ಮಂಚಕ್ಕ 6,500ರಂತೆ 1,30,000, ಅದರ ಒಂದೂವರೆ ಪರ್ಸೆಂಟ್ ಅಂದ್ರ 1,950 ರೂಪಾಯಿ. ಈ ಸಾವಿರದ ಒಂಬೈನೂರ ಐವತ್ತಕ್ಕ ನಿಮ್ಮ ನಾಲ್ಕೂವರೆ ಲಕ್ಷ ನಿಂತಿರಬೇಕು ಅಂತ ನನ್ನ ಅಂದಾಜು.

ಹೆಂಗ ಅಂದ್ರ, ಈ ದಂಡ ಕಡೀಬೇಕೋ ಅಥವಾ ಮುದತವಾಢ್ ಅಂದ್ರ ಅವಧಿ ವಿಸ್ತರಣೆ ಕೊಟ್ಟು ಮಾಫ್ ಮಾಡಬೇಕೋ ಅನ್ನೋದನ್ನ ಕ್ಲರ್ಕ್ ಸ್ವಂತ ತೀರ್ಮಾನ ಮಾಡ್ಲಿಕ್ಕೆ ಬರೋದಿಲ್ಲ. ಟಿಪ್ಪಣಿ ಬರದು ಸಾಹೇಬರ ಸಹಿ ತಗೋಬೇಕು. ನೀವು ಮುದತವಾಢ್ ಕೇಳಿ ಅರ್ಜಿನೇ ಕೊಟ್ಟಿಲ್ಲ, ಅರ್ಜಿ ಇಲ್ಲದ ಟಿಪ್ಪಣಿ ಯಾಕ ಬರೀತಾರ? ಟಿಪ್ಪಣಿ ಇಲ್ಲದ ಬಿಲ್ ಪಾಸ್ ಮಾಡಿದ್ರ ನಾಳೆ ಆಡಿಟ್‌ನ್ಯಾಗ ಆಕ್ಷೇಪ ಬಂದು ಅವರ ಕೊರಳಿಗೇ ಬೀಳ್ತದ. ಮಾರ್ಚ್ ಕೊನೇ ವಾರದ ಗದ್ದಲದಾಗ ಯಾರ ಫೈಲ್ ಪೂರ್ತಿ ಇತ್ತೋ ಅವರದು ಟ್ರೆಜರಿಗೆ ಹೋತು, ನಿಮ್ಮದು ಉಳೀತು. ಇಂಥಾವು ನಾನು ಪುಣೆಯೊಳಗ ಸಪ್ಲೈಯರ್‌ಗಳ ಲೆಕ್ಕ ಬರೀಲಿಕ್ಕೆ ಹತ್ತಿದಾಗಿಂದ ನೋಡ್ಕೋತ ಬಂದೀನಿ, ದೊಡ್ಡ ತಕರಾರಿಗೆ ನಿಂತ ಬಿಲ್ ಕಡಿಮಿ, ಸಣ್ಣ ಕಾಗದಕ್ಕ ನಿಂತವೇ ಜಾಸ್ತಿ.

ನಿಮ್ಮ ಪುಣ್ಯಾಕ್ಕ ಒಂದು ಚಲೋ ಕಾಗದ ನಿಮ್ಮ ಕಡೇನೇ ಅದ. ಮೊದಲ ಚಲನ್ ಹಿಂದ ವಾರ್ಡನ್ ಕೈಬರಹದಾಗ ಬರದಾರ ನೋಡ್ರಿ, ‘ಖೋಲಿ ಖಾಲಿ ಇಲ್ಲ, ಉಳಿದ ಮಂಚ ಮಾರ್ಚ್ ಮೊದಲ ವಾರ ತರಬೇಕು’ ಅಂತ, ಸಹಿ ಸಮೇತ. ಅಂದ್ರ ತಡ ಆದದ್ದು ಅವರ ಕಡೆಯಿಂದ. ಇದನ್ನ ನೀವು ಇಷ್ಟು ದಿನ ಯಾಕ ತೋರಿಸಿಲ್ಲೋ ದೇವರಿಗೇ ಗೊತ್ತು. ಇದರ ಮ್ಯಾಲ ಮುದತವಾಢ್ ಕೇಳ್ರಿ, ಅದರ ಜೊತಿಗೇ ಇನ್ನೊಂದು ದಾರಿನೂ ಬಿಡ್ರಿ, ಒಪ್ಪದೇ ಇದ್ರ 1,950 ಕಡಕೊಂಡು ಉಳಿದದ್ದು ಕೊಡ್ರಿ ಅಂತ. ತತ್ವ ಹಿಡಕೊಂಡು ಎರಡು ಸಾವಿರಕ್ಕ ಇನ್ನೊಂದು ವರ್ಷ ಕಾಯೋದು ಶಾಣ್ಯಾತನ ಅಲ್ಲ.

ಪತ್ರ ಮರಾಠಿಯೊಳಗೇ ಕೊಡ್ರಿ, ಇಲ್ಲಿ ಆಫೀಸಿನ ಟಿಪ್ಪಣಿ ಎಲ್ಲಾ ಮರಾಠಿ, ನಿಮ್ಮ ವಾಕ್ಯಾನೇ ಎತ್ತಿ ಅವರು ಟಿಪ್ಪಣಿಗೆ ಹಾಕ್ಕೊಳ್ಳಂಗ ಇರಬೇಕು. ನೀವು ಮರಾಠಿ ಮಾತಾಡ್ತೀರಿ, ಬರಿಯೋದು ಕಷ್ಟ ಅಂದಿದ್ರಿ, ಹಂಗಾಗಿ ನಾನು ಕನ್ನಡದಾಗ ಬರದು ಅವರ ಆಫೀಸಿನ ಶಬ್ದ ಹಂಗೇ ಇಟ್ಟೀನಿ, ಮನಿಯಾಗ ಮಕ್ಕಳು ಮರಾಠಿ ಶಾಲೆಯವರಿದ್ರ ಅರ್ಧ ತಾಸಿನ್ಯಾಗ ತಿರುಗಿಸಿ ಕೊಡ್ತಾರ. ಆಹರಣ ವ ಸಂವಿತರಣ ಅಧಿಕಾರಿ ಅಂದ್ರ ಟ್ರೆಜರಿಯಿಂದ ದುಡ್ಡು ತಗದು ಕೊಡೋ ಅಧಿಕಾರಿ, ದೇಯಕ ಅಂದ್ರ ಬಿಲ್. ಚುಕ್ಕಿ ಇಟ್ಟಲ್ಲಿ ನಿಮ್ಮ ಕಾಗದ ನೋಡಿ ನಂಬರ್ ತುಂಬ್ರಿ.

ಇವರಿಗೆ,
ಆಹರಣ ವ ಸಂವಿತರಣ ಅಧಿಕಾರಿ, (ಆರ್ಡರ್ ಕೊಟ್ಟ ಕಚೇರಿಯ ಹೆಸರು, ವಿಳಾಸ)

ವಿಷಯ: 60 ಲೋಖಂಡಿ ಪಲಂಗ ಪುರವಠಾ, ರೂ. 4,60,200ರ ಪ್ರಲಂಬಿತ ದೇಯಕದ ಬಗ್ಗೆ. ಸ್ಮರಣಪತ್ರ ಕ್ರ. 3.

ಸಂದರ್ಭ: 1. ತಮ್ಮ ಕಾರ್ಯಾದೇಶ ಜಾ.ಕ್ರ. ……, ದಿನಾಂಕ 20.01.2025. 2. ನಮ್ಮ ದೇಯಕ ಕ್ರ. ……, ದಿನಾಂಕ 10.03.2025, ತಮ್ಮ ಆವಕ್ ಕ್ರ. ……, ಅದೇ ದಿನಾಂಕ. 3. ನಮ್ಮ ಹಿಂದಿನ ಸ್ಮರಣಪತ್ರಗಳು, ದಿನಾಂಕ …… ಮತ್ತು …….

ಮಹೋದಯ,

ಸಂದರ್ಭ 1ರ ಕಾರ್ಯಾದೇಶದಂತೆ 40 ಮಂಚಗಳನ್ನು 12.02.2025ರಂದು (ಚಲನ್ ಕ್ರ. ……) ಹಾಗೂ 20 ಮಂಚಗಳನ್ನು 06.03.2025ರಂದು (ಚಲನ್ ಕ್ರ. ……) ವಸತಿಗೃಹಕ್ಕೆ ತಲುಪಿಸಲಾಗಿದೆ. ಅವು ಸಾಠಾ ನೋಂದವಹಿಯ ಪುಟ …… ರಲ್ಲಿ ದಾಖಲಾಗಿವೆ. ಮಾಲಿನ ಬಗ್ಗೆ ಈವರೆಗೆ ಯಾವುದೇ ಲಿಖಿತ ಆಕ್ಷೇಪ ಬಂದಿಲ್ಲ. ದೇಯಕದ ಮೊತ್ತ: 60 ಮಂಚ, ದರ ರೂ. 6,500, ಒಟ್ಟು ರೂ. 3,90,000, ಜಿಎಸ್‌ಟಿ ಶೇ. 18 ರೂ. 70,200, ಸೇರಿ ರೂ. 4,60,200. ಇದರಲ್ಲಿ ಒಂದು ರೂಪಾಯಿಯೂ ಈವರೆಗೆ ಪಾವತಿಯಾಗಿಲ್ಲ.

ಎರಡನೇ ಕಂತಿನ 20 ಮಂಚಗಳು ಮುದತ್ತಿಗಿಂತ 15 ದಿನ ತಡವಾಗಿ ತಲುಪಿವೆ. ಕೊಠಡಿ ಖಾಲಿ ಇಲ್ಲದ ಕಾರಣ ಮಾರ್ಚ್ ಮೊದಲ ವಾರದಲ್ಲಿ ತರುವಂತೆ ಗೃಹಪಾಲರು 12.02.2025ರ ಚಲನ್ ಮೇಲೆ ಲಿಖಿತವಾಗಿ ತಿಳಿಸಿದ್ದರು (ಪ್ರತಿ ಲಗತ್ತಿಸಿದೆ). ಆದ್ದರಿಂದ 06.03.2025ರವರೆಗೆ ಮುದತವಾಢ್ ಮಂಜೂರು ಮಾಡಬೇಕೆಂದು ಕೋರುತ್ತೇವೆ. ಅದು ಸಾಧ್ಯವಾಗದಿದ್ದಲ್ಲಿ ಷರತ್ತು 9ರ ಪ್ರಕಾರ ರೂ. 1,950 ಕಡಿತ ಮಾಡಿ ಉಳಿದ ಮೊತ್ತ ಪಾವತಿಸಲು ನಮ್ಮ ಒಪ್ಪಿಗೆ ಇದೆ.

ನಾವು ಉದ್ಯಮ ನೋಂದಣಿ ಕ್ರ. …… ಹೊಂದಿದ ಸೂಕ್ಷ್ಮ ಉತ್ಪಾದನಾ ಘಟಕದವರು. ಎಂಎಸ್‌ಎಂಇಡಿ ಕಾಯ್ದೆ 2006ರ ಕಲಂ 15ರ ಗರಿಷ್ಠ 45 ದಿನಗಳ ಅವಧಿ 20.04.2025ಕ್ಕೆ ಮುಗಿದಿದೆ. ಕಲಂ 16ರ ಬಡ್ಡಿಯ ಹಕ್ಕನ್ನು ನಾವು ಕಾಯ್ದಿರಿಸಿಕೊಂಡಿದ್ದೇವೆ.

ಈ ಪತ್ರ ತಲುಪಿದ 15 ದಿನಗಳೊಳಗೆ ದಯವಿಟ್ಟು ಲಿಖಿತವಾಗಿ ತಿಳಿಸಬೇಕು: ತಮ್ಮ ದಾಖಲೆಯ ಪ್ರಕಾರ ನಮಗೆ ಕೊಡಬೇಕಾದ ಮೊತ್ತ ಎಷ್ಟು, ದೇಯಕದ ಮೇಲೆ ಯಾವುದಾದರೂ ಆಕ್ಷೇಪ ಇದೆಯೇ, ಮತ್ತು ಅನುದಾನಕ್ಕಾಗಿ ಬೇಡಿಕೆ ಕಳಿಸಿದ್ದಲ್ಲಿ ಅದರ ಜಾವಕ್ ಕ್ರಮಾಂಕ ಹಾಗೂ ದಿನಾಂಕ.

ಲಗತ್ತು: ಕಾರ್ಯಾದೇಶ, ದೇಯಕದ ನಕಲು ಪ್ರತಿ, ಎರಡು ಚಲನ್, ಉದ್ಯಮ ಪ್ರಮಾಣಪತ್ರ, ರದ್ದುಪಡಿಸಿದ ಚೆಕ್.
ಪ್ರತಿ: ನಿಯಂತ್ರಕ ಅಧಿಕಾರಿ, ಮಾಹಿತಿಗಾಗಿ.

ಇಷ್ಟೇ, ಒಂದು ಪಾನಿನ್ಯಾಗ ಮುಗೀಬೇಕು. ಕೊನೇ ಪ್ಯಾರಾ ಮಾತ್ರ ಕೈಬಿಡಬ್ಯಾಡ್ರಿ, ನನ್ನ ಪ್ರಕಾರ ಇಡೀ ಪತ್ರದ ಜೀವ ಅಲ್ಲೇ ಅದ. ಬಹಳ ಮಂದಿ ಸಪ್ಲೈಯರ್‌ಗಳು ಏನ್ ತಿಳಕೊಂಡಾರ ಅಂದ್ರ, ವರ್ಷಕ್ಕ ನಾಲ್ಕು ರಿಮೈಂಡರ್ ಕೊಡ್ಕೋತ ಹೋದ್ರ ಬಾಕಿ ಜೀವಂತ ಇರ್ತದ ಅಂತ. ಇರೋದಿಲ್ಲ. ಕೊಟ್ಟ ಮಾಲಿನ ದುಡ್ಡಿಗೆ ಕೋರ್ಟಿಗೆ ಹೋಗೋ ಅವಧಿ ಮೂರು ವರ್ಷ, ಬೇರೆ ಮುದತ್ ಠರಾವಾಗಿಲ್ಲ ಅಂದ್ರ ಮಾಲು ಕೊಟ್ಟ ದಿನದಿಂದಾನೇ ಎಣಿಕೆ ಶುರು. ನಿಮ್ಮ ಮೊದಲ 40 ಮಂಚಕ್ಕ 2028ರ ಫೆಬ್ರವರಿ ಅಂತ ಲೆಕ್ಕ ಇಟ್ಕೋರಿ. ನೀವು ಬರದ ನೂರು ಪತ್ರದಿಂದ ಆ ತಾರೀಖು ಒಂದು ದಿನಾನೂ ಮುಂದ ಹೋಗೋದಿಲ್ಲ. ಅದು ಮುಂದ ಹೋಗೋದು ಅವರು ಸಹಿ ಮಾಡಿ ‘ಹೌದು, ಇಷ್ಟು ಕೊಡೋದದ’ ಅಂತ ಒಪ್ಪಿ ಬರದಾಗ, ಅದೂ ಮೂರು ವರ್ಷ ಮುಗಿಯೋದರೊಳಗ. ಲಿಮಿಟೇಶನ್ ಕಾಯ್ದೆ 18ನೇ ಕಲಂನ್ಯಾಗ ಇದು ಅದ. ‘ಅನುದಾನ ಬಂದ ಕೂಡಲೇ ಸದರಿ ದೇಯಕ ಕೊಡಲಾಗುವುದು’ ಅಂತ ಅವರು ಎರಡು ಸಾಲು ಬರದು ಕೊಟ್ರಂತೂ ಅದನ್ನ ಲ್ಯಾಮಿನೇಶನ್ ಮಾಡಿಸಿ ಇಟ್ಕೋರಿ, ನೀವು ಅದನ್ನ ನಕಾರದ ಪತ್ರ ಅಂತ ಸಿಟ್ಟಿಗೇಳ್ತೀರಿ, ಆದ್ರ ಅದು ನಿಮಗ ಸಾಲ ಒಪ್ಕೊಂಡ ಕಾಗದ.

ಎಂಎಸ್‌ಎಂಇಡಿ ಅಂದ್ರ ಸಣ್ಣ ಉದ್ಯಮಗಳ ಕಾಯ್ದೆ, ಅದರ 45 ದಿನದ ಮಾತಿಗೆ ಅವರು ಒಂದು ಉತ್ತರ ಕೊಡ್ತಾರ, ಆರ್ಡರಿನ್ಯಾಗ ‘ಅನುದಾನ ಲಭ್ಯತೆಯಂತೆ ಪಾವತಿ’ ಅಂತ ಬರದದ, ನೀವು ಸಹಿ ಮಾಡೀರಿ ಅಂತ. ಅದಕ್ಕ ಹೆದರಬ್ಯಾಡ್ರಿ. ಕರಾರಿನ್ಯಾಗ ಏನೇ ಬರದಿದ್ರೂ ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕ 45 ದಿನಕ್ಕಿಂತ ಹೆಚ್ಚು ಮುದತ್ ಇಡಲಿಕ್ಕೆ ಕಾಯ್ದೆಯೊಳಗ ಅವಕಾಶ ಇಲ್ಲ. ತಾರೀಖೇ ಠರಾವಾಗಿಲ್ಲ ಅಂದ್ರ ಅಸಲಿಗೆ 15 ದಿನಾನೇ, ನಾನು ಪತ್ರದಾಗ ಬೇಕಂತಲೇ 45 ಹಾಕೀನಿ, ಯಾರೂ ವಾದ ಹಾಕಬಾರದು ಅಂತ. ಮಾಲು ತಲುಪಿದ 15 ದಿನದೊಳಗ ಲಿಖಿತ ಆಕ್ಷೇಪ ಬರಲಿಲ್ಲ ಅಂದ್ರ ತಲುಪಿದ ದಿನಾನೇ ಒಪ್ಪಿಗೆ ಅಂತ ಹಿಡೀತಾರ, ಅದಕ್ಕೇ ‘ಲಿಖಿತ ಆಕ್ಷೇಪ ಬಂದಿಲ್ಲ’ ಅನ್ನೋ ವಾಕ್ಯ ಅಲ್ಲಿ ಕೂಡಿಸಿದ್ದು. ಬಡ್ಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. 2025ರ ಆಗಸ್ಟ್‌ನ್ಯಾಗ ಬ್ಯಾಂಕ್ ರೇಟ್ 5.75 ಇತ್ತು, ಅದರ ಮೂರು ಪಟ್ಟು ಅಂದ್ರ 17.25, ನಿಮ್ಮ ಮೊತ್ತಕ್ಕ ತಿಂಗಳಿಗೆ ಆರೂವರೆ ಸಾವಿರದ ಆಸುಪಾಸು. ಅಂಕಿ ಪತ್ರದಾಗ ಹಾಕಬ್ಯಾಡ್ರಿ. ಹಾಕಿದ ಕೂಡಲೇ ಆ ಪತ್ರ ಕಾನೂನು ಶಾಖೆಗೆ ಅಭಿಪ್ರಾಯಕ್ಕ ಹೋಗ್ತದ, ಹೋದ್ರ ಮೂರು ತಿಂಗಳು ಹೊರಗ ಬರೋದಿಲ್ಲ. ಹಕ್ಕು ಕಾಯ್ದಿರಿಸೀವಿ ಅಂದ್ರ ಸಾಕು.

ಒಂದು ಮಾತ್ರ ನೋಡ್ಕೋರಿ, ನಿಮ್ಮ ಉದ್ಯಮ ಸರ್ಟಿಫಿಕೇಟಿನ್ಯಾಗ ಮ್ಯಾನುಫ್ಯಾಕ್ಚರಿಂಗ್ ಅಂತ ಇರಬೇಕು, ತಾರೀಖು ಜನವರಿ 20ಕ್ಕಿಂತ ಹಿಂದಿನದಿರಬೇಕು. ಬರೀ ಟ್ರೇಡಿಂಗ್ ಅಂತ ಇದ್ರ, ಅಂದ್ರ ತಂದು ಮಾರೋರಿಗೆ, ಈ 45 ದಿನದ ಆಸರೆ ಸಿಗೋದಿಲ್ಲ, ಅವರಿಗೆ ಉದ್ಯಮ ನೋಂದಣಿ ಕೊಟ್ಟದ್ದು ಬ್ಯಾಂಕ್ ಸಾಲದ ಸೌಲಭ್ಯಕ್ಕ ಅಷ್ಟೇ. ಆರ್ಡರ್ ಆದ ಮ್ಯಾಲ ನೋಂದಣಿ ಮಾಡ್ಸಿದವರ ಬಗ್ಗೆ ಕೋರ್ಟುಗಳಾಗ ಜಗಳ ನಡದದ, ಹಂಗಿದ್ರ ಆ ಪ್ಯಾರಾ ತಗದುಬಿಡ್ರಿ, ಉಳಿದ ಪತ್ರ ಹಂಗೇ ನಡೀತದ.

ಕೊಡೋ ರೀತಿ. ಸಾಹೇಬರ ಕೈಗೆ ಕೊಟ್ಟು ನಮಸ್ಕಾರ ಹೇಳಿ ಬರಬ್ಯಾಡ್ರಿ, ಆವಕ್ ಕೌಂಟರಿಗೆ ಹೋಗಿ ಎರಡು ಪ್ರತಿ ಕೊಟ್ಟು ಒಂದರ ಮ್ಯಾಲ ಪೋಹೋಚ್ ತಗೋರಿ, ಸಿಕ್ಕಾ, ತಾರೀಖು, ನಂಬರ್ ಮೂರೂ ಇರಬೇಕು, ಬರೀ ಸಿಕ್ಕಾ ಹೊಡದು ನಂಬರ್ ‘ಆಮೇಲೆ ಹಾಕ್ತೀವಿ’ ಅಂದ್ರ ಅಲ್ಲೇ ನಿಂತ್ಕೋರಿ. ನಿಯಂತ್ರಕ ಅಧಿಕಾರಿಯ ಪ್ರತಿ ಸ್ಪೀಡ್ ಪೋಸ್ಟ್‌ನ್ಯಾಗ ಹಾಕಿ ರಸೀದಿ ಇಟ್ಕೋರಿ. ಮರುದಿನ ಲೆಕ್ಕ ಶಾಖೆಗೆ ಹೋಗಿ ಆ ಹೊಸ ಆವಕ್ ನಂಬರ್ ಹೇಳಿ ಫೈಲ್ ಜೊತಿ ಕೂಡಿಸಾರೋ ಇಲ್ಲೋ ಅಂತ ಕೇಳ್ರಿ, ನಗನಗತಾ ಕೇಳ್ರಿ. ಅವರು ರೆವಿನ್ಯೂ ಸ್ಟ್ಯಾಂಪ್ ಹಚ್ಚಿದ ಮುಂಗಡ ಪಾವತಿ ಚೀಟಿ ಕೇಳಬಹುದು, ಅಂದ್ರ ದುಡ್ಡು ಮುಟ್ಟೋಕ್ಕಿಂತ ಮೊದಲೇ ‘ಮುಟ್ಟಿದೆ’ ಅಂತ ಸಹಿ, ಅದು ಟ್ರೆಜರಿ ಬಿಲ್ಲಿಗೆ ಹಳೇ ರೂಢಿ, ಕೊಡ್ರಿ, ಆದ್ರ ತಾರೀಖು ಹಾಕಿ, ‘ಟ್ರೆಜರಿ ಬಿಲ್ಲಿಗಾಗಿ ಮುಂಗಡವಾಗಿ ಕೊಟ್ಟದ್ದು, ಹಣ ಇನ್ನೂ ಬಂದಿಲ್ಲ’ ಅಂತ ಕವರಿಂಗ್ ಪತ್ರದಾಗ ಒಂದು ಸಾಲು ಸೇರಿಸಿ ಅದಕ್ಕೂ ಪೋಹೋಚ್ ತಗೋರಿ.

15 ದಿನ ಕಳೆದು ಉತ್ತರ ಬರಲಿಲ್ಲ ಅಂದ್ರ ನಾಲ್ಕನೇ ರಿಮೈಂಡರ್ ಬರೀಬ್ಯಾಡ್ರಿ. ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ, ಹತ್ತು ರೂಪಾಯಿ ಫೀ, ಮಹಾರಾಷ್ಟ್ರದಾಗ 150 ಶಬ್ದದೊಳಗ ಒಂದೇ ವಿಷಯ ಇರಬೇಕು. ‘ಬಿಲ್ ಯಾಕ ಕೊಟ್ಟಿಲ್ಲ’ ಅಂತ ಕೇಳಿದ್ರ ‘ಕಾರಣ ಅನ್ನೋದು ಮಾಹಿತಿ ಅಲ್ಲ’ ಅಂತ ಕೈ ತೊಳಕೋತಾರ, ಅದರ ಬದಲು ‘ಆವಕ್ ಕ್ರ. ಇಂಥಾದ್ದರ ದೇಯಕದ ಮ್ಯಾಲಿನ ಟಿಪ್ಪಣಿ ಪುಟಗಳ ಪ್ರಮಾಣಿತ ಪ್ರತಿ ಕೊಡಬೇಕು’ ಅಂತ ಕೇಳ್ರಿ. 30 ದಿನದೊಳಗ ಕೊಡಬೇಕು. ಆ ಟಿಪ್ಪಣಿಯಾಗ ಯಾರ ಟೇಬಲ್ ಮ್ಯಾಲ, ಯಾವ ತಾರೀಖಿಗೆ, ಯಾವ ಕಾರಣಕ್ಕ ನಿಂತದ ಅಂತ ಅವರ ಕೈಬರಹದಾಗೇ ಇರ್ತದ. ನನ್ನ ಅಂದಾಜು ಸರಿ ಇದ್ರ ಅಲ್ಲಿ ‘ಮುದತವಾಢ್’ ಅನ್ನೋ ಶಬ್ದ ಕಾಣಬೇಕು, ಬ್ಯಾರೆ ಏನರ ಇದ್ರ ಆ ಕಾಗದದ ಫೋಟೊ ನನಗ ಕಳಿಸ್ರಿ.

ಅದಾದ ಮ್ಯಾಲೂ ಹಂಗೇ ಕೂತ್ರ ಎಂಎಸ್‌ಎಂಇ ಇಲಾಖೆಯ ಆನ್‌ಲೈನ್ ಪೋರ್ಟಲ್ ಮ್ಯಾಲ ದೂರು ಹಾಕಬಹುದು, ಅದು ಸಣ್ಣ ಉದ್ಯಮದವರ ಬಾಕಿ ತಕರಾರು ನೋಡೋ ನಿಮ್ಮ ಕಡೆಯ ಫೆಸಿಲಿಟೇಶನ್ ಕೌನ್ಸಿಲಿಗೆ ಹೋಗ್ತದ, ಕೊಂಡವರು ಎಲ್ಲೇ ಇದ್ರೂ ಮಾರಿದವರು ಇರೋ ಕಡೇನೇ ಕೇಸು ನಡೀತದ. ಅಲ್ಲಿ ಕೇಳೋ ಕಾಗದ ಎಲ್ಲಾ ಮ್ಯಾಲಿನ ಪತ್ರದ ಲಗತ್ತಿನ್ಯಾಗೇ ಅದಾವ. ಸಿವಿಲ್ ಕೋರ್ಟಿಗೇ ಹೋಗೋದಾದ್ರ ಸರ್ಕಾರಕ್ಕ ಮೊದಲು ಸಿವಿಲ್ ಪ್ರೊಸೀಜರ್ ಕೋಡಿನ ಕಲಂ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು, ಅದಕ್ಕ ವಕೀಲರು ಬೇಕು, ನಾಲ್ಕೂವರೆ ಲಕ್ಷಕ್ಕ ನಾನಂತೂ ಮೊದಲು ಕೌನ್ಸಿಲೇ ಹಿಡೀತಿದ್ದೆ.

ದುಡ್ಡು ಬಂದಾಗ 4,60,200 ಪೂರ್ತಿ ಬರಲಿಲ್ಲ ಅಂತ ಮತ್ತ ಫೋನ್ ಮಾಡಬ್ಯಾಡ್ರಿ. ಆರ್ಡರಿನ ಬೆಲೆ ಜಿಎಸ್‌ಟಿ ಬಿಟ್ಟು ಎರಡೂವರೆ ಲಕ್ಷ ದಾಟಿದ್ರಿಂದ 3,90,000 ಮ್ಯಾಲ ಎರಡು ಪರ್ಸೆಂಟ್, 7,800 ರೂಪಾಯಿ, ಜಿಎಸ್‌ಟಿ ಟಿಡಿಎಸ್ ಅಂತ ಕಡೀತಾರ, ಅದು ಪೋರ್ಟಲ್‌ನ್ಯಾಗ ನಿಮ್ಮ ಕ್ಯಾಶ್ ಲೆಡ್ಜರಿಗೆ ವಾಪಸ್ ಬರ್ತದ. ದಂಡಾನೂ ಕಡದ್ರ ಖಾತೆಗೆ ಬೀಳೋದು 4,50,450.